ಕಲೆ ತೆಗೆಯಿರಿ, ಮಚ್ಚೆ ಬಿಡಿ

ಹಳೆಯ ಫೋಟೊ ತಿದ್ದಿಕೊಡುವವರಿಗೆ ಜನ ಕಳಿಸುವ ಸಂದೇಶ ಸಾಮಾನ್ಯವಾಗಿ ಒಂದೇ ಸಾಲಿನದು: “ತೀರಿಕೊಂಡ ಅಪ್ಪನ ಫೋಟೊ ಸರ್, ಸ್ವಲ್ಪ ಕ್ಲೀನ್ ಮಾಡಿಕೊಡಿ.” ಈ ಸಾಲನ್ನು ಓದುವವರು ಅಪ್ಪನನ್ನು ಎಂದೂ ಕಂಡವರಲ್ಲ. ಮದುವೆ ಆಲ್ಬಮ್, ಬಯೋಡೇಟಾ ಫೋಟೊ, ಶ್ರದ್ಧಾಂಜಲಿ ಫ್ಲೆಕ್ಸ್‌ಗಳ ನಡುವೆ ಅವರ ದಿನ ಕಳೆಯುತ್ತದೆ. ಅಲ್ಲಿ ಕ್ಲೀನ್ ಅಂದರೆ ಚರ್ಮ ನುಣುಪಾಗಬೇಕು, ಬಣ್ಣ ಒಂದು ಸುತ್ತು ಬೆಳ್ಳಗಾಗಬೇಕು, ಕಣ್ಣ ಕೆಳಗಿನ ನೆರಳು ಹೋಗಬೇಕು. ನೀವು ಏನೂ ಹೇಳದೆ ಬಿಟ್ಟ ಜಾಗವನ್ನು ಅವರ ಕೈ ಈ ರೂಢಿಯಿಂದಲೇ ತುಂಬುತ್ತದೆ. ಫೋಟೊ ಚೆಂದವಾಗಿ ಬರುತ್ತದೆ, ಅಮ್ಮ ನೋಡಿ “ಇವರು ಯಾರೋ” ಅನ್ನುತ್ತಾರೆ.

ಇದನ್ನು ತಪ್ಪಿಸುವುದು ಸಾಧ್ಯ. ಕಾಗದಕ್ಕೆ ಆದ ಹಾನಿ ಯಾವುದು, ಮುಖಕ್ಕೆ ಸೇರಿದ ಗುರುತು ಯಾವುದು ಎಂದು ಬಿಡಿಸಿ ಹೇಳುವ ಒಂದು ಪುಟದ ಸಂದೇಶ ಸಾಕು. ಆದರೆ ಅದನ್ನು ಬರೆಯುವ ಮುನ್ನ ಫೋಟೊವನ್ನು ಓದಬೇಕು. ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ.

ತೀರ್ಥಹಳ್ಳಿ ಕಡೆಯ ಒಂದು ಮನೆ. ಜಗಲಿಯ ಗೋಡೆಯ ಮೇಲೆ ಅಪ್ಪನ ಫೋಟೊ ಇದೆ. 1968ರಲ್ಲಿ ಪೇಟೆಯ ಸ್ಟುಡಿಯೋದಲ್ಲಿ ತೆಗೆದದ್ದು, 8x10 ಇಂಚು, ಕಪ್ಪು-ಬಿಳುಪಿನ ಮೇಲೆ ಕೈಯಿಂದ ಬಣ್ಣ ಹಾಕಿದ್ದು. ಅವರು ತೀರಿಕೊಂಡ ಮೇಲೆ ಅದಕ್ಕೇ ಗಾಜು ಹಾಕಿಸಿ ತೂಗುಹಾಕಿದರು. ಈಗ ಗಂಡುಮಕ್ಕಳು ಮೂವರೂ ಬೇರೆಬೇರೆ ಮನೆಗಳಲ್ಲಿದ್ದಾರೆ, ಮೂವರಿಗೂ ಒಂದೊಂದು ಪ್ರತಿ ಬೇಕು. ಕಿರಿಯ ಮಗ ಹುಬ್ಬಳ್ಳಿಯ ಒಬ್ಬ ರೀಟಚರ್‌ಗೆ ಕೆಲಸ ಒಪ್ಪಿಸಬೇಕೆಂದಿದ್ದಾನೆ.

ಫೋಟೊ ಹತ್ತಿರದಿಂದ ನೋಡಿದರೆ ಏನೆಲ್ಲ ಕಾಣುತ್ತದೆ? ಅಂಚಿನ ಕಪ್ಪು ಭಾಗಗಳಲ್ಲಿ ನೀಲಿ ಛಾಯೆಯ ಹೊಳಪಿದೆ. ಕಪ್ಪು-ಬಿಳುಪು ಫೋಟೊದ ಕಪ್ಪು ಎಂದರೆ ಬೆಳ್ಳಿಯ ಸೂಕ್ಷ್ಮ ಕಣಗಳು. ಮಳೆಗಾಲದ ತೇವಕ್ಕೂ ಗಾಳಿಯ ಹೊಗೆಗೂ ಸಿಕ್ಕಿ ಅವು ಮೇಲ್ಮೈಗೆ ಬಂದು ತೆಳು ಕನ್ನಡಿಯಂತೆ ಕೂತಿವೆ. ಇದು ಕಾಗದದ ಹಾನಿ, ತೆಗೆಯಬಹುದು. ಎಡಗಣ್ಣಿನ ಮೇಲೆ ಬೂಷ್ಟು ಕವಲೊಡೆದು ಹಬ್ಬಿದೆ. ಹಣೆಯ ಹತ್ತಿರ ಫೋಟೊ ಗಾಜಿಗೆ ಅಂಟಿಕೊಂಡಿದೆ. ಗಾಜಿನ ಮೇಲೆ ವರ್ಷವರ್ಷವೂ ಹಚ್ಚಿದ ಗಂಧ-ಕುಂಕುಮದ ಕರೆ ಇದೆ, ಅದರ ಕೆಳಗೆ ಫೋಟೊದಲ್ಲೇ ಅಪ್ಪ ಇಟ್ಟುಕೊಂಡಿದ್ದ ಗಂಧದ ಬೊಟ್ಟೂ ಇದೆ. ಮೊದಲನೆಯದು ಒರೆಸಬೇಕಾದದ್ದು, ಎರಡನೆಯದು ಉಳಿಯಬೇಕಾದದ್ದು. ದೂರದಲ್ಲಿ ಕೂತವರಿಗೆ ಎರಡೂ ಒಂದೇ ಕಲೆಯಾಗಿ ಕಾಣುತ್ತದೆ.

ಇನ್ನೂ ಒಂದು ಪದರವಿದೆ, ಅದು ಎಲ್ಲರ ಕಣ್ಣು ತಪ್ಪಿಸುತ್ತದೆ. ಆ ಕಾಲದ ಸ್ಟುಡಿಯೋದವರು ನೆಗೆಟಿವ್ ಮೇಲೆ ಚೂಪು ಪೆನ್ಸಿಲ್‌ನಿಂದ ಸುಕ್ಕು ಮಾಸುತ್ತಿದ್ದರು, ಪ್ರಿಂಟಿನ ಮೇಲೆ ಸಣ್ಣ ಕುಂಚದಿಂದ ಬಿಳಿ ಚುಕ್ಕೆ ಮುಚ್ಚುತ್ತಿದ್ದರು. ಅದಕ್ಕೇ ಟಚಿಂಗ್ ಎನ್ನುತ್ತಿದ್ದರು. ಅಂದರೆ ಈ ಮುಖ ಆಗಲೇ ಒಮ್ಮೆ ನುಣುಪಾದದ್ದು. ಈಗ ಮತ್ತೊಮ್ಮೆ ನುಣುಪು ಮಾಡಿದರೆ ಉಳಿದ ಗೆರೆಗಳೂ ಹೋಗಿ ಮುಖ ಮೇಣದ ಬೊಂಬೆಯಾಗುತ್ತದೆ. ಕೆನ್ನೆಯ ತೆಳು ಗುಲಾಬಿ, ಶಾಲಿನ ಅಂಚಿನ ಹಳದಿ ಕೂಡ ಕಲಾವಿದರ ಕೈಕೆಲಸ. ಹೇಳದಿದ್ದರೆ ಅವು ಮಾಸಿದ ಕರೆಯೆಂದು ಭಾವಿಸಿ ಅಳಿಸಿಬಿಡುವ ಸಂಭವ ಹೆಚ್ಚು.

ಇನ್ನು ಪ್ರತಿ ತೆಗೆಯುವುದು. ಗಾಜಿಗೆ ಅಂಟಿದ ಫೋಟೊವನ್ನು ಎಳೆಯಬಾರದು. ಚಿತ್ರವಿರುವುದು ಕಾಗದದ ಮೇಲಿನ ಜೆಲಾಟಿನ್ ಪದರದಲ್ಲಿ. ತೇವಕ್ಕೆ ಉಬ್ಬಿ ಗಾಜಿಗೆ ಕಚ್ಚಿಕೊಂಡದ್ದು ಆ ಪದರವೇ. ಎಳೆದರೆ ಹಣೆ ಗಾಜಿನ ಜೊತೆಗೇ ಬರುತ್ತದೆ. ಗಾಜಿನ ಹೊರಮೈಯನ್ನು ಮಾತ್ರ ಸ್ವಲ್ಪವೇ ತೇವ ಮಾಡಿದ ಬಟ್ಟೆಯಿಂದ ಒರೆಸಿ, ಗಾಜಿನ ಸಮೇತ ಪ್ರತಿ ತೆಗೆಯಬೇಕು. ಅಂಗಡಿಗಳಲ್ಲಿರುವ ತೆಳ್ಳನೆಯ ಸ್ಕ್ಯಾನರ್‌ಗಳು ತಮ್ಮ ಗಾಜಿಗೆ ತಾಗಿದ್ದನ್ನಷ್ಟೇ ಸ್ಪಷ್ಟವಾಗಿ ಹಿಡಿಯುತ್ತವೆ. ನಡುವೆ ಎರಡು ಮಿಲಿಮೀಟರ್ ಗಾಜು ಬಂದರೆ ಚಿತ್ರ ಮಸುಕಾಗುತ್ತದೆ. ಹಾಗಾಗಿ ಇಲ್ಲಿ ಕ್ಯಾಮೆರಾ ಒಳ್ಳೆಯದು. ಫೋಟೊ ನೆಟ್ಟಗೆ ನಿಲ್ಲಿಸಿ, ಎರಡೂ ಪಕ್ಕದಿಂದ ಸುಮಾರು 45 ಡಿಗ್ರಿ ಕೋನದಲ್ಲಿ ಬೆಳಕು ಬೀಳುವಂತೆ ಮಾಡಿ, ಕ್ಯಾಮೆರಾದ ಹಿಂದೆ ಕಪ್ಪು ಬಟ್ಟೆ ಹಿಡಿದರೆ ಗಾಜಿನ ಪ್ರತಿಬಿಂಬ ಬಹುಮಟ್ಟಿಗೆ ಹೋಗುತ್ತದೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಈ ಫೋಟೊ ಅಡ್ಡಕ್ಕೆ ಸುಮಾರು 4000 ಪಿಕ್ಸೆಲ್ ತುಂಬುತ್ತದೆ, ಅದರಿಂದ 12 ಇಂಚು ಅಗಲದ ಪ್ರಿಂಟನ್ನು ಇಂಚಿಗೆ 300 ಪಿಕ್ಸೆಲ್‌ಗೂ ಮೇಲೆ ಆರಾಮಾಗಿ ಮಾಡಬಹುದು. ಮೊಬೈಲ್ ಒಂದೇ ಇದ್ದರೆ ದೂರ ನಿಂತು ಜೂಮ್ ಲೆನ್ಸ್ ಬಳಸಬೇಕು. ತೀರಾ ಹತ್ತಿರ ಹಿಡಿದರೆ ಅಂಚುಗಳು ಬಾಗಿ ಮುಖದ ಆಕಾರ ಬದಲಾಗಬಹುದು. ಆಮೇಲೆ ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸದೆ ಡಾಕ್ಯುಮೆಂಟ್ ಆಗಿ ಕಳಿಸಬೇಕು, ಇಲ್ಲದಿದ್ದರೆ ಇಷ್ಟೆಲ್ಲ ಕಷ್ಟಪಟ್ಟು ಹಿಡಿದ ವಿವರ ಕುಗ್ಗಿಹೋಗುತ್ತದೆ.

ಇಷ್ಟಾದ ಮೇಲೆ ಕಿರಿಯ ಮಗನ ಸಂದೇಶ ಹೀಗಿರಬಹುದು:

“ನಮಸ್ಕಾರ ಸರ್. ಇದು ನಮ್ಮ ತಂದೆಯವರ ಫೋಟೊ, 1968ರದು. ಆಗ ಅವರಿಗೆ 52 ವರ್ಷ. 1979ರಲ್ಲಿ ತೀರಿಕೊಂಡರು. 12x15 ಇಂಚಿನ ಮೂರು ಪ್ರಿಂಟ್ ಹಾಕಿಸಬೇಕು, ಮುಂದಿನ ತಿಂಗಳ ತಿಥಿಗೆ ಬೇಕು.

ತೆಗೆಯಬೇಕಾದದ್ದು: ಬೂಷ್ಟಿನ ಕವಲುಗಳು, ಅಂಚಿನ ನೀಲಿ ಹೊಳಪು, ಗಾಜಿನ ಗೀರುಗಳು, ಹಣೆಯಲ್ಲಿ ಗಾಜಿಗೆ ಅಂಟಿದ ಕಡೆ ಕಾಣುವ ತೇವದ ಕರೆ. ಹಿನ್ನೆಲೆಯ ಪರದೆಯ ಮೇಲಿನ ಕಲೆಗಳನ್ನೂ ತೆಗೆಯಿರಿ, ಆದರೆ ಪರದೆ ಅದೇ ಇರಲಿ.

ಮುಟ್ಟಬಾರದ್ದು: ನೋಡುವವರ ಬಲಕ್ಕೆ ಕೆನ್ನೆಯ ಮೇಲೆ ಇರುವ ಮಚ್ಚೆ, ಹುಬ್ಬಿನ ನಡುವಿನ ಗಾಯದ ಗುರುತು, ಬಾಯಿಯ ಪಕ್ಕದ ಎರಡು ಗೆರೆ, ಹಣೆಯ ಗಂಧದ ಬೊಟ್ಟು, ಕಿವಿಯ ಒಂಟಿ. ಒಂದು ಹುಬ್ಬು ಸ್ವಲ್ಪ ಮೇಲಿದೆ, ಅವರು ಇದ್ದದ್ದೇ ಹಾಗೆ. ಕೆನ್ನೆಯ ಗುಲಾಬಿ, ಶಾಲಿನ ಅಂಚಿನ ಬಣ್ಣ ಸ್ಟುಡಿಯೋದವರು ಕೈಯಿಂದ ಹಾಕಿದ್ದು, ಅದು ಕಲೆಯಲ್ಲ. ಚರ್ಮ ನುಣುಪು ಮಾಡಬೇಡಿ, ಬೆಳ್ಳಗೆ ಮಾಡಬೇಡಿ. ಬಟ್ಟೆ ಬದಲಿಸಬೇಡಿ, ಹೊಸದಾಗಿ ಬಣ್ಣ ಹಾಕಬೇಡಿ. ಮುಖವನ್ನು ತಾನಾಗಿಯೇ ಸ್ಪಷ್ಟ ಮಾಡಿಕೊಡುವ ಆ್ಯಪ್‌ಗಳನ್ನು ಮುಖದ ಮೇಲೆ ಬಳಸಬೇಡಿ.

ಕೇಳಿ ಮಾಡಬೇಕಾದದ್ದು ಎಡಗಣ್ಣು ಒಂದೇ. ಕೆಳರೆಪ್ಪೆಯ ಸ್ವಲ್ಪ ಭಾಗ ಬೂಷ್ಟಿನಲ್ಲಿ ಹೋಗಿದೆ. ಆಧಾರಕ್ಕೆ ಅವರದೇ ಇನ್ನೆರಡು ಫೋಟೊ ಕಳಿಸಿದ್ದೇನೆ. ಬಲಗಣ್ಣನ್ನು ತಿರುಗಿಸಿ ಅಂಟಿಸುವುದು ಬೇಡ. ಆ ಜಾಗ ಮಾಡಿ ಮೊದಲು ಅದಷ್ಟನ್ನೇ ತೋರಿಸಿ, ಮನೆಯಲ್ಲಿ ಅಣ್ಣಂದಿರು ನೋಡಿ ಹೇಳುತ್ತಾರೆ. ಸರಿಹೋಗದಿದ್ದರೆ ಸ್ವಲ್ಪ ಮಸುಕಾಗಿಯೇ ಬಿಡೋಣ.

ತಿದ್ದುಪಡಿಗಳು ಬೇರೆ ಲೇಯರ್‌ನಲ್ಲಿರಲಿ, ಕೊನೆಗೆ ಲೇಯರ್ ಸಮೇತ ಫೈಲ್ ಕೊಡಿ. ಎರಡು ಸುತ್ತು ತಿದ್ದುಪಡಿ ಸೇರಿಸಿ ಎಷ್ಟಾಗುತ್ತದೆ ತಿಳಿಸಿ, ಅರ್ಧ ಈಗಲೇ ಕಳಿಸುತ್ತೇನೆ. ಈ ಫೋಟೊವನ್ನು ನಿಮ್ಮ ಕೆಲಸದ ಮಾದರಿಯಾಗಿ ಎಲ್ಲೂ ಹಾಕಬೇಡಿ.”

ಮಚ್ಚೆ ಯಾವ ಕಡೆ ಎಂಬಲ್ಲಿ “ನೋಡುವವರ ಬಲಕ್ಕೆ” ಎಂದು ಬರೆದದ್ದನ್ನು ಗಮನಿಸಿ. ಅಪ್ಪನ ಎಡಗೆನ್ನೆ ಫೋಟೊದಲ್ಲಿ ಬಲಕ್ಕೆ ಕಾಣುತ್ತದೆ, ಎಡ-ಬಲದ ಗೊಂದಲದಲ್ಲಿ ತಪ್ಪು ಗುರುತು ಅಳಿದುಹೋಗುವುದುಂಟು. ಇನ್ನೂ ಸುಲಭದ ದಾರಿಯೆಂದರೆ ಫೋಟೊದ ಒಂದು ಪ್ರತಿಯ ಮೇಲೆ ಮೊಬೈಲ್‌ನಲ್ಲೇ ಕೆಂಪು ಸುತ್ತು ಹಾಕಿದ್ದು ತೆಗೆಯಲಿಕ್ಕೆ, ಹಸಿರು ಸುತ್ತು ಉಳಿಸಲಿಕ್ಕೆ ಎಂದು ಗುರುತಿಸಿ ಜೊತೆಗೆ ಕಳಿಸುವುದು.

ಕಣ್ಣಿನ ವಿಷಯಕ್ಕೆ ಅಷ್ಟು ಒತ್ತು ಏಕೆಂದರೆ, ಹೋಗಿರುವ ಭಾಗವನ್ನು ಯಾವ ಉಪಕರಣವೂ ಮರಳಿ ತರಲಾರದು. ಫೋಟೊಶಾಪ್‌ನ ಹೀಲಿಂಗ್ ಬ್ರಷ್ ಅಕ್ಕಪಕ್ಕದ ಚರ್ಮದ ನೇಯ್ಗೆಯನ್ನು ತಂದು, ಅಲ್ಲಿನ ಬೆಳಕಿಗೆ ಹೊಂದಿಸಿ ಮುಚ್ಚುತ್ತದೆ. ಕೆನ್ನೆ, ಹಣೆ, ಪರದೆಗೆ ಅದು ಸಾಕು, ಅಲ್ಲಿ ಪಕ್ಕದ ಜಾಗ ಹೆಚ್ಚುಕಡಿಮೆ ಅದೇ ತರಹ ಇರುತ್ತದೆ. ಕಣ್ಣ ರೆಪ್ಪೆಗೆ ಪಕ್ಕದಲ್ಲಿ ಅಂಥದ್ದು ಇನ್ನೊಂದಿಲ್ಲ. ಆಗ ರೀಟಚರ್ ಮುಂದೆ ಇರುವ ಸುಲಭ ಉಪಾಯ ಇನ್ನೊಂದು ಕಣ್ಣನ್ನು ತಿರುಗಿಸಿ ಕೂರಿಸುವುದು. ಹಾಗೆ ಮಾಡಿದಾಗ ಪಾಪೆಯಲ್ಲಿನ ಬೆಳಕಿನ ಚುಕ್ಕೆಯೂ ತಿರುಗುತ್ತದೆ. ಸ್ಟುಡಿಯೋ ದೀಪ ಎಡಗಡೆಯಿಂದ ಬಂದಿದ್ದರೆ ಎರಡೂ ಕಣ್ಣಿನಲ್ಲಿ ಚುಕ್ಕೆ ಎಡಕ್ಕೇ ಇರಬೇಕು; ಒಂದರಲ್ಲಿ ಎಡಕ್ಕೂ ಇನ್ನೊಂದರಲ್ಲಿ ಬಲಕ್ಕೂ ಬಂದರೆ ನೋಟವೇ ಕದಲುತ್ತದೆ. ಕಾರಣ ಹೇಳಲು ಬಾರದಿದ್ದರೂ ಮನೆಯವರಿಗೆ ಏನೋ ಸರಿಯಿಲ್ಲ ಎಂದು ತಟ್ಟುತ್ತದೆ. ಮುಖ ಸ್ಪಷ್ಟ ಮಾಡುವ ಆ್ಯಪ್‌ಗಳ ತೊಂದರೆಯೂ ಇದೇ ಜಾತಿಯದು. ಅವು ಬೇರೆ ಸಾವಿರಾರು ಮುಖಗಳಿಂದ ಕಲಿತ ರೆಪ್ಪೆ, ಹಲ್ಲು, ಚರ್ಮವನ್ನು ಊಹಿಸಿ ಹಾಕುತ್ತವೆ. ಚಿತ್ರ ಚುರುಕಾಗುತ್ತದೆ, ಅದರಲ್ಲಿ ಅಪ್ಪನ ಪಾಲು ಕಡಿಮೆಯಾಗುತ್ತದೆ.

ಕೆಲಸ ಮುಗಿದು ಬಂದಾಗ ಹಳೆಯದನ್ನೂ ಹೊಸದನ್ನೂ ಒಂದೇ ಗಾತ್ರದಲ್ಲಿಟ್ಟು, ಒಂದಾದ ಮೇಲೊಂದು ತಿರುವಿ ನೋಡಬೇಕು. ಪಕ್ಕಪಕ್ಕ ಇಟ್ಟರೆ ಕಾಣದ ಬದಲಾವಣೆ, ಒಂದೇ ಜಾಗದಲ್ಲಿ ಚಿತ್ರ ಬದಲಾದಾಗ ಥಟ್ಟನೆ ಕಾಣುತ್ತದೆ: ಕಿವಿ ಸರಿದಿದೆ, ದವಡೆ ಸಣ್ಣಗಾಗಿದೆ, ಮೂಗಿನ ನೆರಳು ತೆಳುವಾಗಿದೆ. ಪೂರ್ತಿ ಗಾತ್ರಕ್ಕೆ ಹಿಗ್ಗಿಸಿ ಕೆನ್ನೆ ನೋಡಿ; ಹಳೆಯ ಪ್ರಿಂಟಿನ ಸಣ್ಣ ಕಣ ಎಲ್ಲ ಕಡೆ ಒಂದೇ ಸಮ ಇರಬೇಕು. ಒಂದು ಕಡೆ ಮಾತ್ರ ಪ್ಲಾಸ್ಟಿಕ್‌ನಂತೆ ನುಣ್ಣಗಿದ್ದರೆ ಅಲ್ಲಿ ಕೈ ಅಗತ್ಯಕ್ಕಿಂತ ಹೆಚ್ಚು ಓಡಿದೆ. ದೊಡ್ಡ ಪ್ರಿಂಟ್ ಹಾಕಿಸುವ ಮುನ್ನ 4x6ರ ಒಂದು ಪ್ರಿಂಟ್ ಹಾಕಿಸಿ, ಅಪ್ಪನನ್ನು ಚೆನ್ನಾಗಿ ಬಲ್ಲ ಹಿರಿಯರೊಬ್ಬರ ಕೈಗೆ ಏನೂ ಹೇಳದೆ ಕೊಡಿ. ಏನು ತಿದ್ದಲಾಗಿದೆ ಎಂದು ಮೊದಲೇ ಹೇಳಿಬಿಟ್ಟರೆ ಅವರು ತಿದ್ದಿದ ಜಾಗವನ್ನೇ ಹುಡುಕುತ್ತಾರೆ, ಮುಖವನ್ನು ನೋಡುವುದಿಲ್ಲ.

ಬದಲಾವಣೆ ಕೇಳುವಾಗಲೂ “ಅಪ್ಪನ ಹಾಗೆ ಕಾಣುತ್ತಿಲ್ಲ” ಎಂದರೆ ರೀಟಚರ್‌ಗೆ ದಾರಿ ಸಿಗುವುದಿಲ್ಲ. “ಬಾಯಿಯ ಬಲಗಡೆಯ ಗೆರೆ ಮೂಲದಲ್ಲಿ ಗದ್ದದವರೆಗೆ ಇಳಿಯುತ್ತದೆ, ಇದರಲ್ಲಿ ಅರ್ಧಕ್ಕೆ ನಿಂತಿದೆ, ಅದನ್ನು ವಾಪಸ್ ತನ್ನಿ” ಎಂದರೆ ಐದು ನಿಮಿಷದ ಕೆಲಸ. ತಿದ್ದಿದ್ದೆಲ್ಲ ಬೇರೆ ಲೇಯರ್‌ನಲ್ಲಿ ಇರಲಿ ಎಂದು ಮೊದಲೇ ಕೇಳಿದ್ದು ಇದಕ್ಕೇ. ಆ ಜಾಗದಲ್ಲಿ ಲೇಯರ್ ಅಳಿಸಿದರೆ ಕೆಳಗಿನ ಮೂಲ ಹಾಗೆಯೇ ಕಾಣುತ್ತದೆ.

ಹೊಸ ಪ್ರಿಂಟುಗಳಿಗೆ ಚೌಕಟ್ಟು ಹಾಕಿಸುವಾಗ ಗಾಜಿಗೂ ಫೋಟೊಗೂ ನಡುವೆ ಸುತ್ತ ರಟ್ಟಿನ ಮೌಂಟ್ ಇರಿಸಲು ಹೇಳಿ. ಒಂದೆರಡು ಮಿಲಿಮೀಟರ್ ಅಂತರ ಉಳಿದರೆ ಫೋಟೊ ಗಾಜಿಗೆ ಕಚ್ಚುವುದಿಲ್ಲ. ಮಳೆ ಬಡಿಯುವ ಹೊರಗೋಡೆಯ ಬದಲು ಒಳಗೋಡೆಗೆ ಹಾಕಿ. 1968ರ ಮೂಲ ಪ್ರಿಂಟನ್ನು ಅದರ ಗಾಜಿನ ಸಮೇತ ಒಣಗಿದ ಕಪಾಟಿನಲ್ಲಿ ಮಲಗಿಸಿಡಿ. ಬಿಸಾಡುವಂತಿಲ್ಲ, ಮುಂದೆ ಯಾರಾದರೂ ಇದಕ್ಕಿಂತ ಚೆನ್ನಾಗಿ ಪ್ರತಿ ತೆಗೆಯಬೇಕೆಂದರೆ ಮತ್ತೆ ಅದರಿಂದಲೇ ಶುರುಮಾಡಬೇಕು.