ಸ್ಕ್ಯಾನ್ ನಾರ್ಮಲ್, ಆದರೂ ತಲೆ ದಿಮ್ಮೆನ್ನುತ್ತಿದೆಯೇ?

ನಾನು ಬಿ.ಎಸ್ಸಿ ನರ್ಸಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ತುರ್ತು ವಿಭಾಗದ ಪೋಸ್ಟಿಂಗ್‌ನಲ್ಲಿ ಪದೇಪದೇ ಎದುರಾದದ್ದು ಒಂದೇ ಪ್ರಶ್ನೆ: 'ಸಿಸ್ಟರ್, ಸಿ.ಟಿ. ಸ್ಕ್ಯಾನ್ ನಾರ್ಮಲ್ ಅಂದ್ರಲ್ಲ, ಮತ್ಯಾಕೆ ತಲೆ ಹಿಂಗೆ ದಿಮ್ ಅಂತಿದೆ?' ಕೇಳುವವರು ಹೆಚ್ಚಾಗಿ ನಮ್ಮ ವಯಸ್ಸಿನವರೇ. ಬೈಕ್ ಸ್ಕಿಡ್ ಆಗಿರುತ್ತದೆ, ಇಲ್ಲವೇ ಕಬಡ್ಡಿ ಆಡುವಾಗ ಬಿದ್ದಿರುತ್ತಾರೆ.

ಇಂಥವರಿಗೆ ನಾನು ಹೇಳುವುದು ಸ್ಟೀವ್ ಸ್ಮಿತ್ ಕತೆ. 2019ರ ಆಗಸ್ಟ್‌ನಲ್ಲಿ ಲಾರ್ಡ್ಸ್ ಟೆಸ್ಟ್‌ನಲ್ಲಿ ಜೋಫ್ರಾ ಆರ್ಚರ್ ಎಸೆದ ಬೌನ್ಸರ್ ಸ್ಮಿತ್ ಅವರ ಕುತ್ತಿಗೆಗೆ ಬಡಿಯಿತು. ಪರೀಕ್ಷೆ ಮಾಡಿದಾಗ ಎಲ್ಲ ಸರಿಯಿದೆ ಎನಿಸಿತು. ಒಂದು ಗಂಟೆಯೊಳಗೆ ಅವರು ಮತ್ತೆ ಬ್ಯಾಟ್ ಹಿಡಿದು ಬಂದು 92 ರನ್ನಿಗೆ ಔಟಾದರು. ತಲೆನೋವು, ಮಂಕು ಕಾಣಿಸಿಕೊಂಡದ್ದು ಮರುದಿನ ಬೆಳಿಗ್ಗೆ. ಅವರ ಬದಲು ಆಡಿದ ಮಾರ್ನಸ್ ಲಬುಶೇನ್ ಟೆಸ್ಟ್ ಇತಿಹಾಸದ ಮೊದಲ ಕನ್ಕಷನ್ ಬದಲಿ ಆಟಗಾರರಾದರು. ಸ್ಮಿತ್ ಮುಂದಿನ ಟೆಸ್ಟ್‌ನಲ್ಲೂ ಆಡಲಿಲ್ಲ.

ಇದರಲ್ಲಿ ಎರಡು ಸಂಗತಿಗಳಿವೆ. ಕನ್ಕಷನ್ ಆಗಲು ತಲೆಗೇ ಪೆಟ್ಟು ಬೀಳಬೇಕೆಂದಿಲ್ಲ, ತಲೆ ರಭಸವಾಗಿ ತಿರುಗಿದರೂ ಸಾಕು. ಪ್ರಜ್ಞೆ ತಪ್ಪಲೇಬೇಕೆಂದೂ ಇಲ್ಲ. ಮಿದುಳು ಗಟ್ಟಿ ಮೊಸರಿನಷ್ಟು ಮೆತ್ತಗೆ, ಬುರುಡೆಯೊಳಗಿನ ದ್ರವದಲ್ಲಿ ತೇಲುತ್ತಿರುತ್ತದೆ. ತಲೆ ಗಿರ್ರನೆ ತಿರುಗಿ ನಿಂತರೂ ಮಿದುಳು ನಿಲ್ಲುವುದು ಕ್ಷಣ ತಡವಾಗಿ. ಆ ಎಳೆತಕ್ಕೆ ನರಕೋಶಗಳ ಉದ್ದನೆಯ ಎಳೆಗಳು ಜಗ್ಗುತ್ತವೆ. ಹೆಲ್ಮೆಟ್ ಬುರುಡೆ ಒಡೆಯುವುದನ್ನು ತಪ್ಪಿಸುತ್ತದೆ, ಹಾಕಲೇಬೇಕು. ಒಳಗಿನ ಈ ಕುಲುಕಾಟವನ್ನು ಮಾತ್ರ ಅದು ಪೂರ್ತಿ ತಡೆಯಲಾರದು.

ಜಗ್ಗಿದ ಕೋಶದ ಪೊರೆ ಸೋರತೊಡಗುತ್ತದೆ. ಒಳಗಿರಬೇಕಾದ ಪೊಟ್ಯಾಸಿಯಂ ಹೊರಗೆ, ಹೊರಗಿರಬೇಕಾದ ಸೋಡಿಯಂ ಮತ್ತು ಕ್ಯಾಲ್ಸಿಯಂ ಒಳಗೆ. ಅವನ್ನು ಮತ್ತೆ ಅದರದರ ಜಾಗಕ್ಕೆ ಸೇರಿಸಲು ಪೊರೆಯಲ್ಲಿರುವ ಪಂಪುಗಳು ಬಿಡುವಿಲ್ಲದೆ ದುಡಿಯುತ್ತವೆ. ಅದಕ್ಕೆ ಗ್ಲೂಕೋಸ್ ಹೆಚ್ಚು ಬೇಕು. ದುರದೃಷ್ಟವೆಂದರೆ ಅದೇ ಹೊತ್ತಿಗೆ ಮಿದುಳಿಗೆ ಬರುವ ರಕ್ತ ಕಡಿಮೆಯಾಗಿರುತ್ತದೆ. ಬೇಡಿಕೆ ಹೆಚ್ಚು, ಪೂರೈಕೆ ಕಡಿಮೆ. ಓದಿದ್ದು ತಲೆಗೆ ಹತ್ತದಿರುವುದು, ಬೆಳಕು ಕಣ್ಣಿಗೆ ಚುಚ್ಚುವುದು, ಕಾರಣವಿಲ್ಲದ ಸಿಡುಕು, ಎಲ್ಲದರ ಹಿಂದೆ ದಿನಗಟ್ಟಲೆ ನಡೆಯುವ ಈ ಕೊರತೆಯೂ ಇದೆ. ಸಿ.ಟಿ. ಸ್ಕ್ಯಾನ್ ತೋರಿಸುವುದು ಬುರುಡೆಯ ಬಿರುಕು, ಹೆಪ್ಪುಗಟ್ಟಿದ ರಕ್ತದಂಥವನ್ನು. ಕೋಶದೊಳಗಿನ ಈ ಗಲಾಟೆ ಅದಕ್ಕೆ ಕಾಣುವುದಿಲ್ಲ.

ಹಾಗಾಗಿ ಮೊದಲ ಒಂದೆರಡು ದಿನ ವಿಶ್ರಾಂತಿ, ಮೊಬೈಲೂ ಆದಷ್ಟು ಕಡಿಮೆ. ಆಮೇಲೆ ನಡಿಗೆ, ಸ್ವಲ್ಪ ಓದು, ಹೀಗೆ ಮೆಲ್ಲಗೆ ಹೆಚ್ಚಿಸಬೇಕು. ಲಕ್ಷಣ ಜೋರಾದರೆ ಒಂದು ಹೆಜ್ಜೆ ಹಿಂದೆ. ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಿಸುವುದನ್ನು ಈಗ ಯಾರೂ ಒಪ್ಪುವುದಿಲ್ಲ. ಹೆಚ್ಚಿನವರು ಕೆಲವೇ ವಾರಗಳಲ್ಲಿ ಸರಿಹೋಗುತ್ತಾರೆ. ಅದಕ್ಕೆ ಮೊದಲೇ ಮೈದಾನಕ್ಕಿಳಿದು ಇನ್ನೊಂದು ಪೆಟ್ಟು ತಿನ್ನುವುದು ಅಪಾಯ.

ಮಂಕು ಹೀಗೆ ದಿನೇದಿನೇ ಇಳಿಯಬೇಕು. ಏರುತ್ತಾ ಹೋದರೆ ಅದು ಬೇರೆಯೇ ವಿಷಯ. 1998ರ ಫೆಬ್ರುವರಿಯಲ್ಲಿ ಢಾಕಾದ ಕ್ಲಬ್ ಪಂದ್ಯವೊಂದರಲ್ಲಿ ಹೆಲ್ಮೆಟ್ ಇಲ್ಲದೆ ಬ್ಯಾಟ್ಸ್‌ಮನ್ ಹತ್ತಿರವೇ ಫೀಲ್ಡಿಂಗ್‌ಗೆ ನಿಂತಿದ್ದ ನಮ್ಮ ರಮಣ್ ಲಾಂಬಾ ಅವರ ತಲೆಗೆ ಚೆಂಡು ಬಡಿಯಿತು. ಅವರು ಎದ್ದು ಮೈದಾನದಿಂದ ನಡೆದೇ ಹೋದರು. ಸ್ವಲ್ಪ ಹೊತ್ತಿನಲ್ಲಿ ಪ್ರಜ್ಞೆ ತಪ್ಪಿತು, ಮೂರು ದಿನದಲ್ಲಿ ತೀರಿಕೊಂಡರು. ತಲೆಯೊಳಗೆ ರಕ್ತಸ್ರಾವವಾಗಿತ್ತು. ಬುರುಡೆ ಹಿಗ್ಗುವುದಿಲ್ಲ. ರಕ್ತ ತುಂಬುತ್ತಾ ಹೋದಂತೆ ಮಿದುಳೇ ಅದುಮಿಕೊಳ್ಳಬೇಕು. ಕೆಲವರು ಒಂದೆರಡು ಗಂಟೆ ಚೆನ್ನಾಗಿಯೇ ಮಾತಾಡಿಕೊಂಡಿದ್ದು ಆಮೇಲೆ ಕುಸಿಯುವುದು ಇದರಿಂದಲೇ.

ಪೆಟ್ಟಾದ ಮೇಲೆ ಮತ್ತೆಮತ್ತೆ ವಾಂತಿ, ಏರುತ್ತಲೇ ಇರುವ ತಲೆನೋವು, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ತೊದಲು ಮಾತು, ಒಂದು ಕೈಕಾಲಿನ ಸೋಲು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿರುವುದು, ಮೂಗು ಅಥವಾ ಕಿವಿಯಿಂದ ತಿಳಿನೀರು ಇಲ್ಲವೇ ರಕ್ತ: ಇವುಗಳಲ್ಲಿ ಒಂದು ಕಂಡರೂ ಕಾಯಬಾರದು. 108ಕ್ಕೆ ಕರೆ ಮಾಡಿ, ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ಒಯ್ಯಬೇಕು. ಪ್ರಜ್ಞೆ ತಪ್ಪಿದ್ದವರು, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರು ಲಕ್ಷಣವಿಲ್ಲದಿದ್ದರೂ ಅಂದೇ ತೋರಿಸಿಕೊಳ್ಳಬೇಕು. ಕುಡಿದಿದ್ದವನ ಮಂಪರನ್ನು 'ನಿಶೆ ಇಳೀಲಿ ಬಿಡು' ಎಂದು ಬಿಡುವ ಹಾಗಿಲ್ಲ.

'ರಾತ್ರಿ ಮಲಗಲು ಬಿಡಬೇಡಿ' ಎನ್ನುವ ಹಳೆಯ ಮಾತು ಹಾಸ್ಟೆಲುಗಳಲ್ಲಿ ಇನ್ನೂ ಇದೆ. ವೈದ್ಯರು ನೋಡಿ ಮನೆಗೆ ಕಳಿಸಿದ್ದರೆ ನಿದ್ದೆ ಮಾಡಬಹುದು, ಅದು ಬೇಕೂ ಬೇಕು. ಆದರೆ ಮೊದಲ 24 ಗಂಟೆ ರೂಮಿನಲ್ಲಿ ಜೊತೆಗೊಬ್ಬರು ಇರಲಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಆಸ್ಪಿರಿನ್, ಐಬುಪ್ರೊಫೆನ್ ರಕ್ತಸ್ರಾವ ಹೆಚ್ಚಿಸಬಹುದಾದ್ದರಿಂದ ವೈದ್ಯರನ್ನು ಕೇಳದೆ ಬೇಡ. ಜೊತೆಗಿರುವವರು ಪೆಟ್ಟು ಬಿದ್ದ ಸಮಯ, ಪ್ರಜ್ಞೆ ತಪ್ಪಿತ್ತೇ, ವಾಂತಿ ಎಷ್ಟು ಸಲ ಆಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮತ್ತೆ ಆಸ್ಪತ್ರೆಗೆ ಓಡಬೇಕಾಗಿ ಬಂದರೆ ಬಾಗಿಲಲ್ಲೇ ನಾವು ಮೊದಲು ಕೇಳುವುದು ಅದನ್ನೇ.