ಕಣ್ಣಿಗೆ ಕಾಣದ ತಲೆತುರಿಕೆ

ತಲೆ ತುರಿಸುತ್ತದೆ ಎಂದರೆ ನಮ್ಮ ಮನೆಗಳಲ್ಲಿ ಮೊದಲು ಹುಟ್ಟುವ ಅನುಮಾನ ಎರಡೇ: ಹೇನು, ಇಲ್ಲವೇ ಹೊಟ್ಟು. ಹೇನಿನ ಬಾಚಣಿಗೆಯಲ್ಲಿ ಬಾಚಿದರೆ ಏನೂ ಸಿಗುವುದಿಲ್ಲ. ಮೆಂತ್ಯ ಅರೆದು ಹಚ್ಚುತ್ತಾರೆ, ನಿಂಬೆರಸ ತಿಕ್ಕುತ್ತಾರೆ, ಶ್ಯಾಂಪೂ ಬದಲಿಸುತ್ತಾರೆ. ತಿಂಗಳುಗಟ್ಟಲೆ ಹೀಗೇ ಕಳೆದ ಮೇಲೆ ಡಾಕ್ಟರ ಬಳಿ ಹೋದರೆ ಅವರೂ ಕೂದಲು ಬಿಡಿಸಿ ನೋಡಿ, ‘ಚರ್ಮ ಚೆನ್ನಾಗೇ ಇದೆಯಲ್ಲಾ, ಟೆನ್ಷನ್ ಮಾಡ್ಕೋಬೇಡಿ’ ಎಂದು ಕಳಿಸುವುದುಂಟು. ಆ ಮಾತು ಕೆಲವೊಮ್ಮೆ ನಿಜವಿರಬಹುದು. ಆದರೆ ಅಷ್ಟು ಬೇಗ ಹೇಳುವ ಮಾತಲ್ಲ ಅದು. ಗುಳ್ಳೆ, ಕೆಂಪು, ಹೊಟ್ಟು ಏನೂ ಇಲ್ಲದೆ ತಲೆ ತುರಿಸುವುದಕ್ಕೆ ನರಗಳೂ ಕಾರಣವಾಗುತ್ತವೆ.

ತುರಿಕೆಯ ಸುದ್ದಿಯನ್ನು ಮೆದುಳಿಗೆ ಒಯ್ಯುವುದು ಚರ್ಮದ ಮೇಲ್ಪದರದವರೆಗೆ ಚಾಚಿಕೊಂಡಿರುವ ಬಲು ಸಣ್ಣ ನರತಂತುಗಳು. ಸೊಳ್ಳೆ ಕಚ್ಚಿದಾಗ ಅವು ಕೆರಳುವುದು ಚರ್ಮದ ತುದಿಯಲ್ಲಿ. ಆದರೆ ಅದೇ ನರ ದಾರಿಯ ನಡುವೆ ಎಲ್ಲಾದರೂ ಒತ್ತಿಹೋಗಿದ್ದರೆ, ಹಾಳಾಗಿದ್ದರೆ ಮೆದುಳಿಗೆ ತಲಪುವುದು ಅದೇ ಸುದ್ದಿ. ಕಾಲಿಂಗ್ ಬೆಲ್‌ನ ವೈರು ಗೋಡೆಯೊಳಗೆ ಸವೆದಿದ್ದರೆ ಬಾಗಿಲಲ್ಲಿ ಯಾರೂ ಇಲ್ಲದೆಯೂ ಬೆಲ್ ಹೊಡೆಯುತ್ತದಲ್ಲ, ಹಾಗೆ. ಇಂಥ ತುರಿಕೆಗೆ ಸೆಟ್ರಿಜಿನ್‌ನಂಥ ಅಲರ್ಜಿ ಮಾತ್ರೆ ನುಂಗಿದರೆ ನಿದ್ದೆ ಬಂದೀತೇ ಹೊರತು ತುರಿಕೆ ಸಾಮಾನ್ಯವಾಗಿ ಇಳಿಯುವುದಿಲ್ಲ, ಏಕೆಂದರೆ ಆ ಮಾತ್ರೆ ತಡೆಯುವ ಹಿಸ್ಟಮಿನ್ ಇಲ್ಲಿ ಮುಖ್ಯ ಕಾರಣವೇ ಅಲ್ಲ.

ತಲೆಗೆ ನರಗಳು ಎರಡು ಕಡೆಯಿಂದ ಬರುತ್ತವೆ. ಹಣೆಯಿಂದ ನೆತ್ತಿಯವರೆಗಿನ ಭಾಗ ಮತ್ತು ಕಪಾಲದ ಪಕ್ಕ ಮುಖದ ದೊಡ್ಡ ನರವಾದ ಟ್ರೈಜೆಮಿನಲ್‌ಗೆ ಸೇರಿದ್ದು. ಹಿಂದಲೆಗೆ ಬರುವ ನರಗಳು ಕುತ್ತಿಗೆಯ ಮೇಲ್ಭಾಗದಲ್ಲಿ, ಬೆನ್ನುಹುರಿಯ ಎರಡನೆಯ ಮತ್ತು ಮೂರನೆಯ ಕುತ್ತಿಗೆ ನರಗಳಿಂದ ಹೊರಟು ಅಲ್ಲಿನ ಸ್ನಾಯುಗಳನ್ನು ದಾಟಿ ಮೇಲೇರುತ್ತವೆ. ಆದ್ದರಿಂದ ತುರಿಕೆ ತಲೆಯ ಯಾವ ಜಾಗದಲ್ಲಿದೆ ಎಂಬುದು ವೈದ್ಯರಿಗೆ ದೊಡ್ಡ ಸುಳಿವು.

ವಿಷಯ ಸ್ಪಷ್ಟವಾಗಲೆಂದು ಒಬ್ಬ ರೋಗಿಯನ್ನು ಊಹಿಸಿಕೊಳ್ಳೋಣ. ಐವತ್ತೆರಡರ ಹೆಂಗಸು, ಇಪ್ಪತ್ತು ವರ್ಷದಿಂದ ಬ್ಲೌಸ್ ಹೊಲಿಯುತ್ತಾರೆ. ಹಿಂದಲೆಯಿಂದ ನೆತ್ತಿಯವರೆಗೆ, ಬಲಗಡೆ ಜಾಸ್ತಿ, ಸಂಜೆಯ ಮೇಲೆ ತುರಿಕೆ. ‘ಬರೀ ತುರಿಕೆ ಅಲ್ಲ ಡಾಕ್ಟ್ರೇ, ಉರಿಯುತ್ತೆ, ಇರುವೆ ಹರಿದಂಗಾಗುತ್ತೆ’ ಎನ್ನುತ್ತಾರೆ. ಈ ಉರಿ, ಹರಿದಾಟ, ಚುಚ್ಚಿದಂತಾಗುವುದು ತುರಿಕೆಯ ಜೊತೆಗೇ ಬಂದರೆ ನರದ ಕಡೆ ಅನುಮಾನ ಹೋಗಬೇಕು.

ಆದರೂ ಮೊದಲು ಚರ್ಮವನ್ನೇ ನೋಡುತ್ತಾರೆ. ಕಿವಿಯ ಹಿಂದೆ, ಕತ್ತಿನ ಮೇಲೆ ಸೀರು ಅಂಟಿದೆಯೇ ಎಂದು ಹುಡುಕುತ್ತಾರೆ. ಡರ್ಮೋಸ್ಕೋಪ್ ಎಂಬ ಬೆಳಕಿನ ಭೂತಗನ್ನಡಿಯಲ್ಲಿ ಕೂದಲಿನ ಬುಡ ನೋಡುತ್ತಾರೆ, ಏಕೆಂದರೆ ಕೂದಲನ್ನು ಶಾಶ್ವತವಾಗಿ ಉದುರಿಸುವ ಕೆಲವು ಕಾಯಿಲೆಗಳು ಬರಿಗಣ್ಣಿಗೆ ಕಾಣುವ ಮೊದಲು ತುರಿಕೆಯಿಂದಲೇ ಶುರುವಾಗಬಹುದು. ಬೆಳಿಗ್ಗೆ ಎಣ್ಣೆ ಹಚ್ಚಿಕೊಂಡು ಬಂದಿದ್ದರೆ ಸಣ್ಣ ಹೊಟ್ಟು ಅದರಲ್ಲಿ ಮುಚ್ಚಿಹೋಗಿರುತ್ತದೆ. ಹೇರ್ ಡೈ ಹಚ್ಚುತ್ತೀರಾ, ಹಚ್ಚಿದ ಎಷ್ಟು ದಿನಕ್ಕೆ ತುರಿಸುತ್ತದೆ ಎಂದೂ ಕೇಳುತ್ತಾರೆ. ಡೈ ಅಲರ್ಜಿ ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಕಿವಿ, ಹಣೆ, ಕತ್ತಿನ ಅಂಚಿನಲ್ಲಿ ಕೆಂಪಾಗಿ ಕಾಣಿಸಿಕೊಳ್ಳುತ್ತದೆ. ಈಕೆಗೆ ಡೈಗೂ ತುರಿಕೆಗೂ ತಾಳೆಯಾಗುವುದಿಲ್ಲ. ಅನುಮಾನ ಉಳಿಯಬಾರದೆಂದು ಕೀಟೊಕೊನಜೋಲ್ ಶ್ಯಾಂಪೂವನ್ನು ವಾರಕ್ಕೆ ಎರಡು ಸಲ, ಐದು ನಿಮಿಷ ಬಿಟ್ಟು ತೊಳೆಯುವಂತೆ ನಾಲ್ಕು ವಾರಕ್ಕೆ ಬರೆದುಕೊಡುತ್ತಾರೆ. ಹೊಟ್ಟಿನ ತುರಿಕೆಯಾಗಿದ್ದರೆ ಅಷ್ಟರಲ್ಲಿ ಚೆನ್ನಾಗಿ ತಗ್ಗಿರಬೇಕು. ಜೊತೆಗೆ ರಕ್ತದಲ್ಲಿ ಸಕ್ಕರೆ, ಥೈರಾಯ್ಡ್, ಕಬ್ಬಿಣಾಂಶ, ಮೂತ್ರಪಿಂಡ ಮತ್ತು ಯಕೃತ್ತಿನ ಪರೀಕ್ಷೆ. ಸಕ್ಕರೆ ಕಾಯಿಲೆ ಸಣ್ಣ ನರಗಳನ್ನು ಕೆಡಿಸುತ್ತದೆ. ಮೈಯೆಲ್ಲ ತುರಿಸುವವರಲ್ಲಂತೂ ಈ ಪರೀಕ್ಷೆಗಳನ್ನು ಬಿಡಲೇಬಾರದು.

ಶ್ಯಾಂಪೂ ಹಾಕಿದ್ದಾಯಿತು, ರಿಪೋರ್ಟ್ ನಾರ್ಮಲ್ ಬಂತು, ತುರಿಕೆ ಮಾತ್ರ ಹಾಗೇ ಇದೆ. ಈಗ ವೈದ್ಯರು ಹತ್ತಿಯ ಎಳೆಯಿಂದ ತಲೆಯ ಎರಡೂ ಬದಿ ಸವರಿ, ಮೊಂಡು ಸೂಜಿಯಿಂದ ಮೆಲ್ಲಗೆ ಮುಟ್ಟಿ ನೋಡುತ್ತಾರೆ. ಬಲಗಡೆ ಹತ್ತಿ ತಾಗಿದರೇ ಮುಳ್ಳು ಮುಳ್ಳಾಗುತ್ತದೆ, ಎಡಗಡೆ ಹಾಗಿಲ್ಲ. ಕುತ್ತಿಗೆ ಬಲಕ್ಕೆ ತಿರುಗಿಸಲು ಬಿಗಿ. ಕತ್ತಿನ ಬುಡದ ಸ್ನಾಯು ಗಟ್ಟಿ.

2013ರಲ್ಲಿ ಅಮೆರಿಕದ ಚರ್ಮವೈದ್ಯರು ಇಂಥ 15 ಮಹಿಳೆಯರ ದಾಖಲೆ ಪರಿಶೀಲಿಸಿ ಪ್ರಕಟಿಸಿದರು. ಅವರಲ್ಲಿ 14 ಜನರ ಸ್ಕ್ಯಾನ್‌ನಲ್ಲಿ ಕುತ್ತಿಗೆಯ ಮೂಳೆ, ಡಿಸ್ಕ್‌ಗಳಲ್ಲಿ ದೋಷವಿತ್ತು, ಅದರಲ್ಲೂ ಐದು ಮತ್ತು ಆರನೆಯ ಮೂಳೆಗಳ ನಡುವೆ ಸವೆತ ಹೆಚ್ಚು. ತಲೆಗೆ ನೇರವಾಗಿ ಬರುವ ನರಗಳು ಅಲ್ಲಿಯವಲ್ಲ. ಕುತ್ತಿಗೆ ನೋವಿನಿಂದ ಸ್ನಾಯು ಬಿಗಿದು, ಆ ಬಿಗಿತ ತಲೆಯ ಮೇಲಿನ ಪೊರೆಯನ್ನೂ ಎಳೆಯುತ್ತಿರಬಹುದು ಎಂದು ಅವರು ತರ್ಕಿಸಿದರು. ನನಗೆ ಇದು ಒಪ್ಪುವಂಥ ವಿವರಣೆ, ಆದರೆ ಸಾಬೀತಾದದ್ದಲ್ಲ. ಐವತ್ತು ದಾಟಿದ ಹೆಚ್ಚಿನವರ ಕುತ್ತಿಗೆಯಲ್ಲಿ ಅಷ್ಟಿಷ್ಟು ಸವೆತ ಕಾಣುತ್ತದೆ, ಅವರಿಗೆಲ್ಲ ತಲೆ ತುರಿಸುವುದಿಲ್ಲ. ಹಾಗಾಗಿ ಎಂಆರ್‌ಐ ಎಲ್ಲರಿಗೂ ಬೇಡ. ಕೈ ಜೋಮು ಹಿಡಿಯುವುದು, ಹಿಡಿತ ಸಡಿಲವಾಗುವುದು ಇದ್ದರೆ ಮಾತ್ರ ತಡಮಾಡಬಾರದು.

ಈ ಹೆಂಗಸಿಗೆ ವೈದ್ಯರು ರಾತ್ರಿ ಗ್ಯಾಬಪೆಂಟಿನ್ ಕಡಿಮೆ ಪ್ರಮಾಣದಲ್ಲಿ ಶುರುಮಾಡಿ ನಿಧಾನವಾಗಿ ಏರಿಸುತ್ತಾರೆ. ತಲೆಸುತ್ತು, ಮಂಪರು ಬರಬಹುದು. ಮೂತ್ರಪಿಂಡ ಸರಿಯಿಲ್ಲದವರಿಗೆ ಪ್ರಮಾಣ ಇಳಿಸಬೇಕು. ಕುತ್ತಿಗೆಗೆ ಫಿಸಿಯೋಥೆರಪಿ, ಹೊಲಿಗೆ ಮೆಷಿನ್ ಮುಂದೆ ಕುರ್ಚಿಯ ಎತ್ತರದ ಬದಲಾವಣೆ. ಗುಣ ಕಾಣಲು ವಾರಗಳೇ ಬೇಕು, ಪೂರ್ತಿ ಹೋಗದೆಯೂ ಇರಬಹುದು.

ಹಾಗಾದರೆ ಮಾನಸಿಕ ಒತ್ತಡ? ಅದರ ಪಾತ್ರ ಸುಳ್ಳಲ್ಲ. ಒತ್ತಡ ತುರಿಕೆಯನ್ನು ಹೆಚ್ಚಿಸುತ್ತದೆ, ತುರಿಕೆ ನಿದ್ದೆಗೆಡಿಸುತ್ತದೆ, ನಿದ್ದೆಗೆಟ್ಟ ಮೈ ಇನ್ನಷ್ಟು ತುರಿಸುತ್ತದೆ. ‘ಕೆಲಸದಲ್ಲಿ ಮುಳುಗಿದ್ದಾಗ ತುರಿಸಲ್ಲ, ಅಂದಮೇಲೆ ಮನಸ್ಸಿನದ್ದೇ’ ಎಂದು ಹಲವರು ತೀರ್ಮಾನಿಸುತ್ತಾರೆ. ಅದು ತಪ್ಪು, ನರದ ತುರಿಕೆಯೂ ಗಮನ ಬೇರೆಡೆ ಇದ್ದಾಗ ತಗ್ಗುತ್ತದೆ. ಗುಳ್ಳೆ ಕಾಣಲಿಲ್ಲ ಎಂಬುದು ಒತ್ತಡಕ್ಕೆ ಸಾಕ್ಷಿಯಲ್ಲ. ಸಾವು, ಸಾಲ, ಜಗಳದಂಥ ಘಟನೆಯ ಜೊತೆ ತುರಿಕೆ ಏರಿಳಿಯುತ್ತಿದೆಯೇ, ಆತಂಕ ಅಥವಾ ಖಿನ್ನತೆಯ ಬೇರೆ ಲಕ್ಷಣಗಳಿವೆಯೇ ಎಂದು ಕೇಳಿ ತಿಳಿಯಬೇಕು. ವೈದ್ಯರು ಅಮಿಟ್ರಿಪ್ಟಿಲಿನ್ ಬರೆದರೆ ‘ನನಗೇನು ಹುಚ್ಚೇ’ ಎಂದು ಚೀಟಿ ಹರಿಯಬೇಡಿ. ಸಣ್ಣ ಪ್ರಮಾಣದಲ್ಲಿ ಆ ಔಷಧ ನರದ ನೋವಿಗೂ ತುರಿಕೆಗೂ ಕೊಡುವಂಥದ್ದೇ.

ಹಣೆಯ ಮೇಲೆ ಸರ್ಪಸುತ್ತು ಬಂದುಹೋದ ಕಡೆಯೇ ತುರಿಸುತ್ತಿದ್ದರೆ, ಅಲ್ಲಿ ಸ್ಪರ್ಶವೂ ಮಂಕಾಗಿದ್ದರೆ ಹೆಚ್ಚು ಎಚ್ಚರ ಬೇಕು. ನೋವು ತಿಳಿಯದ ಜಾಗವನ್ನು ನಿದ್ದೆಯಲ್ಲಿ ಕೆರೆದು ಕೆರೆದು ಒಬ್ಬ ಮಹಿಳೆಗೆ ತಲೆಬುರುಡೆಯವರೆಗೆ, ಅದನ್ನೂ ದಾಟಿ ಗಾಯವಾದದ್ದನ್ನು 2002ರಲ್ಲಿ ಅಮೆರಿಕದ ವೈದ್ಯರು ದಾಖಲಿಸಿದ್ದಾರೆ. ಇಂಥವರು ಉಗುರು ತೀರಾ ಚಿಕ್ಕದಾಗಿ ಕತ್ತರಿಸಿಕೊಂಡು, ಮಲಗುವಾಗ ತಲೆಗೆ ಬಟ್ಟೆ ಕಟ್ಟಿಕೊಂಡು, ಬೇಗ ನರರೋಗ ತಜ್ಞರನ್ನು ಕಾಣಬೇಕು.

ತಲೆತುರಿಕೆ ಆರು ವಾರ ದಾಟಿದ್ದರೆ, ಕೂದಲು ಒಂದೇ ಕಡೆ ಉದುರುತ್ತಿದ್ದರೆ ಮೆಡಿಕಲ್ ಶಾಪಿನಿಂದ ಸ್ಟೀರಾಯ್ಡ್ ಲೋಷನ್ ತಂದು ಸುಮ್ಮನೆ ಹಚ್ಚಬೇಡಿ, ಚರ್ಮರೋಗ ತಜ್ಞರಲ್ಲಿಗೆ ಹೋಗಿ. ಹೋಗುವ ದಿನ ಎಣ್ಣೆ ಹಚ್ಚಬೇಡಿ. ಬಳಸುವ ಡೈ, ಶ್ಯಾಂಪೂ, ಎಣ್ಣೆಯ ಪೊಟ್ಟಣಗಳನ್ನು ಜೊತೆಗೆ ಒಯ್ಯಿರಿ. ತುರಿಸುವ ಜಾಗವನ್ನು ಬೆರಳಿಟ್ಟು ತೋರಿಸಿ, ಕುತ್ತಿಗೆ ನೋವಿದ್ದರೆ ಅವರು ಕೇಳದಿದ್ದರೂ ನೀವೇ ಹೇಳಿ.