ವಿಮೆಯ ಪತ್ರದಲ್ಲಿ ಕಾಯುವ ಕಾಲ

ನಮ್ಮ ಮನೆಯಲ್ಲಿ ಇಂಗ್ಲಿಷ್ ಕಾಗದವನ್ನು ಓದಬಲ್ಲವನು ನಾನೊಬ್ಬನೇ. ಆದುದರಿಂದ ತಂದೆಯವರು ಕೊಂಡಿದ್ದ ಆರೋಗ್ಯ ವಿಮೆಯ ಪಾಲಿಸಿಯನ್ನು ಓದುವ ಭಾರವೂ ನನ್ನ ಮೇಲೆಯೇ ಬಿದ್ದಿತು. ಆದರೆ ಅದನ್ನು ನಾನು ಓದಿದ್ದು ಕೊಂಡಾಗಲಲ್ಲ, ಬೇಕಾದಾಗ. ಅಲ್ಲಿಯವರೆಗೆ "ಎಲ್ಲ ಕಾಯಿಲೆಗೂ ಬರುತ್ತದೆ ಯಜಮಾನ್ರೇ" ಎಂದ ಏಜೆಂಟರ ಮಾತೇ ನಮಗೆ ಪಾಲಿಸಿಯಾಗಿತ್ತು!

ತಂದೆಯವರದು ಸಣ್ಣ ದಿನಸಿ ಅಂಗಡಿ. ಅಕ್ಕಿಮೂಟೆಗಳನ್ನು ಅವರೇ ಎತ್ತಿಡುತ್ತಾರೆ. 2024ರ ದೀಪಾವಳಿಯ ಸುಮಾರಿಗೆ ಅವರ ತೊಡೆಸಂದಿಯಲ್ಲಿ ಒಂದು ಬಾವು ಕಾಣಿಸಿಕೊಂಡಿತು. 2025ರ ಫೆಬ್ರವರಿಯಲ್ಲಿ ವೈದ್ಯರು ನೋಡಿ, ಇದು ಹರ್ನಿಯಾ, ಶಸ್ತ್ರಚಿಕಿತ್ಸೆ ಆಗಬೇಕು ಎಂದರು. ಖರ್ಚು ಎಂಬತ್ತು ಸಾವಿರದ ಆಸುಪಾಸು. ತಾಯಿ ತಮ್ಮ ಬಳೆಗಳ ಕಡೆ ನೋಡಿಕೊಂಡರು. ನಾನು ಪೆಟ್ಟಿಗೆಯಿಂದ ಪಾಲಿಸಿಯನ್ನು ತೆಗೆದೆ.

ಇಂಥ ಪತ್ರದಲ್ಲಿ ಮೊದಲು ನೋಡಬೇಕಾದುದು ಮೊತ್ತವನ್ನಲ್ಲ, ಪಾಲಿಸಿ ಆರಂಭವಾದ ದಿನವನ್ನು. ನಮ್ಮದು 2023ರ ಜೂನ್ 12. ಅನಂತರ 'ಹೊರತುಪಡಿಸಿದವು' ಎಂಬ ಭಾಗವನ್ನು ತೆರೆಯಬೇಕು. ಅಲ್ಲಿ ಮೂರು ಬಗೆಯ ಕಾಯುವ ಕಾಲಗಳಿರುತ್ತವೆ. ನಮ್ಮ ದೇಶದ ಪಾಲಿಸಿಗಳಲ್ಲಿ ಅವುಗಳಿಗೆ ಒಂದೇ ಬಗೆಯ ಗುರುತುಗಳಿವೆ. Excl03 ಎಂಬುದು ಮೊದಲ 30 ದಿನಗಳದು. ಅಪಘಾತವೊಂದನ್ನು ಬಿಟ್ಟು ಆಗ ಬಂದ ಕಾಯಿಲೆಗೆ ಹಣವಿಲ್ಲ. Excl01 ಎಂಬುದು ಪಾಲಿಸಿಗೆ ಮೊದಲೇ ಇದ್ದ ಕಾಯಿಲೆಗೆ ಸೇರಿದ್ದು. 2024ರ ನಿಯಮದಂತೆ ಇದು 36 ತಿಂಗಳನ್ನು ಮೀರುವಂತಿಲ್ಲ. ನಮ್ಮನ್ನು ತಡೆದದ್ದು ಇವೆರಡರ ನಡುವಿನ Excl02. ಅದರಲ್ಲಿ ಕೆಲವು ಕಾಯಿಲೆಗಳ ಪಟ್ಟಿಯೇ ಇರುತ್ತದೆ: ಕಣ್ಣಿನ ಪೊರೆ, ಮೂಲವ್ಯಾಧಿ, ಮೂತ್ರಪಿಂಡದ ಕಲ್ಲು ಮುಂತಾದವು. ನಮ್ಮ ಪಾಲಿಸಿಯ ಪಟ್ಟಿಯಲ್ಲಿ ಹರ್ನಿಯಾ ಇತ್ತು. ಅವಧಿ 24 ತಿಂಗಳು.

ಎಣಿಸಿ ನೋಡಿದೆ. ಇಪ್ಪತ್ತನಾಲ್ಕು ತಿಂಗಳು ತುಂಬುವುದು 2025ರ ಜೂನ್ 11ಕ್ಕೆ. ಫೆಬ್ರವರಿಯಲ್ಲೇ ಆಸ್ಪತ್ರೆ ಸೇರಿದ್ದರೆ ಒಂದು ಕಾಸೂ ಬರುತ್ತಿರಲಿಲ್ಲ. ಕಾಯಿಲೆ ಆ ಅವಧಿಯೊಳಗೇ ಗೊತ್ತಾಯಿತಲ್ಲ, ಅದೇ ಅಡ್ಡಿಯಾಗುವುದೇ ಎಂದು ನನಗೆ ಅಂಜಿಕೆ. ವಾಕ್ಯವನ್ನು ಮತ್ತೆ ಮತ್ತೆ ಓದಿದೆ. ಅವಧಿ ಮುಗಿಯುವ ತನಕ ಆಗುವ 'ಚಿಕಿತ್ಸೆಯ ಖರ್ಚು' ಕೊಡುವುದಿಲ್ಲ ಎಂದಿತ್ತೇ ಹೊರತು, ಆಗ ಕಂಡ ಕಾಯಿಲೆಗೆ ಎಂದೆಂದಿಗೂ ಇಲ್ಲವೆಂದು ಇರಲಿಲ್ಲ.

ಆದರೆ ಕಾಯಬಹುದೇ ಎಂಬುದನ್ನು ಹೇಳಬೇಕಾದವರು ವೈದ್ಯರು, ಪಾಲಿಸಿಯಲ್ಲ. ಬಾವು ಮಲಗಿದಾಗ ಒಳಗೆ ಹೋಗುತ್ತಿದೆ, ಭಾರ ಎತ್ತದೆ ನಾಲ್ಕು ತಿಂಗಳು ಇರಬಹುದು ಎಂದು ಅವರು ಪರೀಕ್ಷಿಸಿ ಹೇಳಿದರು. "ಬಾವು ಗಟ್ಟಿಯಾಗಿ ಒಳಕ್ಕೆ ಹೋಗದಿದ್ದರೆ, ನೋವು, ವಾಂತಿ ಬಂದರೆ, ಮಧ್ಯರಾತ್ರಿಯಾದರೂ ಕರೆದುಕೊಂಡು ಬಾ, ಆಗ ವಿಮೆಯ ಲೆಕ್ಕ ಹಾಕುತ್ತಾ ಕೂರಬೇಡ" ಎಂದೂ ಎಚ್ಚರಿಸಿದರು. ಕರುಳು ಅಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯವಂತೆ. ಆ ನಾಲ್ಕು ತಿಂಗಳು ಅಂಗಡಿಯ ಮೂಟೆಗಳನ್ನು ನಾನೇ ಎತ್ತಿದೆ. ಪರೀಕ್ಷೆಯಲ್ಲಿ ಅಂಕ ಕಡಮೆ ಬಂದುದಕ್ಕೆ ಅದನ್ನೇ ಕಾರಣವಾಗಿ ಹೇಳಿಕೊಂಡೆನೆಂಬುದು ಬೇರೆ ಮಾತು.

ಜೂನ್ ಮೊದಲ ವಾರದಲ್ಲೇ ಕಂತು ಕಟ್ಟಿ, ಎಡೆಬಿಡದೆ ನವೀಕರಿಸಿ, 18ರಂದು ದಾಖಲು ಮಾಡಿದೆವು. ಅಲ್ಲಿ ಹೊಸ ತೊಡಕು. ಎಷ್ಟು ದಿನದಿಂದ ಎಂದು ಕಿರಿಯ ವೈದ್ಯರು ಕೇಳಿದಾಗ ತಂದೆಯವರು ಎಂದಿನ ಉದಾಸೀನದಿಂದ "ಎರಡು ಮೂರು ವರ್ಷ ಆಯ್ತೇನೋ" ಎಂದುಬಿಟ್ಟಿದ್ದರು. ಅವರು ಹಾಗೆಯೇ ಬರೆದುಕೊಂಡರು. ಮೂರು ವರ್ಷವೆಂದರೆ ಪಾಲಿಸಿಗೂ ಹಿಂದಿನದು! ಕಂಪನಿಯಿಂದ ಪ್ರಶ್ನೆ ಬಂದಿತು: ಇದು ಮೊದಲೇ ಇದ್ದ ಕಾಯಿಲೆಯಲ್ಲವೇ? ಹಾಗಾದರೆ ಎರಡು ಅವಧಿಗಳಲ್ಲಿ ಉದ್ದವಾದುದೇ ಅನ್ವಯವಾಗುತ್ತದೆ.

ನಮ್ಮನ್ನು ಕಾಪಾಡಿದ್ದು ಫೆಬ್ರವರಿಯ ಹೊರರೋಗಿ ಚೀಟಿ. ಅದರಲ್ಲಿ ಬಾವು ನಾಲ್ಕು ತಿಂಗಳಿನದೆಂದು ವೈದ್ಯರ ಕೈಬರಹವಿತ್ತು. ಅಲ್ಲದೆ ಪಾಲಿಸಿಯ ವಿವರಣೆಯ ಪುಟದಲ್ಲಿ, ಪಾಲಿಸಿಗೆ ಮೊದಲು ವೈದ್ಯರು ಗುರುತಿಸಿದ ಅಥವಾ ಅವರ ಸಲಹೆ, ಚಿಕಿತ್ಸೆ ಪಡೆದ ಕಾಯಿಲೆ ಮಾತ್ರ 'ಮೊದಲೇ ಇದ್ದದ್ದು' ಎಂದಿದೆ. ಈ ಬಾವಿಗಾಗಿ ಹಿಂದೆ ಯಾವ ವೈದ್ಯರನ್ನೂ ನಾವು ಕಂಡಿರಲಿಲ್ಲ. ಆ ವಾಕ್ಯವನ್ನು ಉಲ್ಲೇಖಿಸಿ, ಚೀಟಿಯ ಪ್ರತಿಯನ್ನೂ ಮೊದಲ ವೈದ್ಯರ ಪತ್ರವನ್ನೂ ಲಗತ್ತಿಸಿ ಉತ್ತರ ಬರೆದೆ. ಒಪ್ಪಿಗೆ ಬರುವಷ್ಟರಲ್ಲಿ ತಂದೆಯವರು ಮನೆಗೆ ಬಂದಾಗಿತ್ತು. ಕೈಸಾಲ ಮಾಡಿ ಬಿಲ್ಲು ಕಟ್ಟಿದ್ದೆವು. 78,000 ರೂಪಾಯಿಯಲ್ಲಿ ಕೈಗವಸು ಮೊದಲಾದ ಸಣ್ಣ ಬಾಬುಗಳ 4,600 ಕಳೆದು ಉಳಿದುದು ಬಂದಿತು. ಒಪ್ಪದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್‌ರಿಗೆ ದೂರು ಕೊಡಬೇಕೆಂದು ಕಾಗದ ಸಿದ್ಧಮಾಡಿಟ್ಟಿದ್ದೆ; ಅದಕ್ಕೆ ಶುಲ್ಕವಿಲ್ಲ.

ಇನ್ನೊಂದು ವಿಷಯ ಆಮೇಲೆ ಕಣ್ಣಿಗೆ ಬಿತ್ತು. 2024ರ ನವೀಕರಣದಲ್ಲಿ ಮೊತ್ತವನ್ನು ಎರಡು ಲಕ್ಷದಿಂದ ಐದಕ್ಕೆ ಏರಿಸಿದ್ದೆವು. ಏರಿಸಿದ ಮೂರು ಲಕ್ಷಕ್ಕೆ ಕಾಯುವ ಕಾಲ ಹೊಸದಾಗಿ ಆರಂಭವಾಗುತ್ತದೆ. ಹರ್ನಿಯಾಕ್ಕೆ ಹಳೆಯ ಎರಡು ಲಕ್ಷವೇ ಸಾಕಾದ್ದರಿಂದ ಅದು ನಮಗೆ ತಟ್ಟಲಿಲ್ಲ. ಅದೇ ಪಾಲಿಸಿಯಲ್ಲಿ ತಾಯಿಯ ಹೆಸರೂ ಇದೆ, ಅವರಿಗೆ ಒಂದು ಕಣ್ಣು ಮಂಜಾಗುತ್ತಿದೆ. ಅವರನ್ನು ವೈದ್ಯರಲ್ಲಿಗೆ ಕರೆದೊಯ್ದ ದಿನದ ಚೀಟಿಯನ್ನು ಪಾಲಿಸಿಯ ಜೊತೆಯಲ್ಲೇ ಇಟ್ಟಿದ್ದೇನೆ.